ಹೊಸ ಆಫೀಸಿನ ಮೊದಲ ದಿನ: ನಮಸ್ಕಾರ ಯಾರಿಗೆ, ಹೇಗೆ? ನಿಮ್ಮ ಬಗ್ಗೆ ಹೇಳುವುದು ಎಷ್ಟು?

ಊರಿಂದ ಬೆಂಗಳೂರಿಗೆ ಬಂದು ಹೊಸ ಕಂಪನಿ ಸೇರುವವರಿಗೆ ಕೆಲಸದ ಬಗ್ಗೆ ಅಂಥ ಭಯ ಇರುವುದಿಲ್ಲ. ಇಪ್ಪತ್ತು ಜನ ಗೊತ್ತಿಲ್ಲದವರ ಮುಂದೆ ನಿಂತು ಏನು ಮಾತಾಡುವುದು, ಮ್ಯಾನೇಜರನ್ನು ಸರ್ ಅನ್ನಬೇಕಾ, ಹೆಸರು ಹಿಡಿದು ಕರೀಬೇಕಾ, ಕೈ ಕೊಡಬೇಕಾ ಮುಗಿಯಬೇಕಾ, ಇಂಥ ಸಣ್ಣ ವಿಷಯಗಳೇ ಹಿಂದಿನ ರಾತ್ರಿ ನಿದ್ದೆ ಕೆಡಿಸುತ್ತವೆ. ಒಂದೊಂದಾಗಿ ನೋಡೋಣ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹುಡುಗನ ಹೆಸರು ಮಂಜುನಾಥ ಎಚ್. ಆರ್. ತುಮಕೂರಿನಲ್ಲಿ ಒಬ್ಬ ಆಡಿಟರ್ ಹತ್ತಿರ ಎರಡು ವರ್ಷ ಕೆಲಸ ಮಾಡಿ, ಈಗ ಬೆಂಗಳೂರಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗ ಸೇರುತ್ತಿದ್ದಾನೆ.

1. ಹಿಂದಿನ ದಿನ: ಯಾವ ಹೆಸರು?

ಇದು ನಮ್ಮ ಕಡೆಯವರಿಗೇ ಬರುವ ತೊಂದರೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಇರುವುದಿಲ್ಲ, ಇನಿಷಿಯಲ್ ಇರುತ್ತದೆ. ಕಂಪನಿಯ ಸಿಸ್ಟಂ ಮಾತ್ರ ಎರಡು ಹೆಸರು ಕೇಳುತ್ತದೆ. ಕೊನೆಗೆ ಇ-ಮೇಲ್‌ನಲ್ಲಿ "H R, Manjunath" ಅಂತ ಬಂದು, ಉತ್ತರ ಭಾರತದ ಸಹೋದ್ಯೋಗಿ "ಹಾಯ್ ಎಚ್‌ಆರ್" ಅಂತ ಬರೆಯುತ್ತಾರೆ. ಆಮೇಲೆ ಎಲ್ಲರೂ ಹಾಗೇ ಕರೆಯಲು ಶುರು ಮಾಡುತ್ತಾರೆ. ಅದಕ್ಕೇ ಮಂಜುನಾಥ ಅಂತ ಕರೆಸಿಕೊಳ್ಳುತ್ತೀರಾ, ಮಂಜು ಸಾಕಾ ಅಂತ ಮೊದಲೇ ತೀರ್ಮಾನಿಸಿ, ಮೊದಲ ದಿನವೇ ಬಾಯಿಬಿಟ್ಟು ಹೇಳಿ. ಒಂದು ತಿಂಗಳಾದ ಮೇಲೆ ತಿದ್ದುವುದು ಕಷ್ಟ.

2. ಗೇಟಿನಿಂದ ರಿಸೆಪ್ಷನ್‌ವರೆಗೆ

ಮೊದಲು ಸಿಗುವವರು ಸೆಕ್ಯುರಿಟಿಯವರು. ಗುರುತಿನ ಚೀಟಿ ನೋಡುತ್ತಾರೆ, ಸ್ವಂತ ಲ್ಯಾಪ್‌ಟಾಪ್ ತಂದಿದ್ದರೆ ಅದರ ಸೀರಿಯಲ್ ನಂಬರ್ ಬರೆಸುತ್ತಾರೆ, ತಾತ್ಕಾಲಿಕ ಪಾಸ್ ಕೊಡುತ್ತಾರೆ. "ನಮಸ್ಕಾರ ಸರ್, ಇವತ್ತು ಹೊಸದಾಗಿ ಜಾಯಿನ್ ಆಗ್ತಿದ್ದೀನಿ, ಎಚ್‌ಆರ್‌ನಿಂದ ಇವರು ಬರೋಕೆ ಹೇಳಿದ್ದಾರೆ" ಅಂತ ಆಫರ್ ಲೆಟರ್ ಕಳಿಸಿದವರ ಹೆಸರು ಹೇಳಿದರೆ ಅರ್ಧ ಕೆಲಸ ಮುಗಿಯಿತು. ಸುಮ್ನೆ "ಎಚ್‌ಆರ್ ನೋಡ್ಬೇಕು" ಅಂದರೆ ಕಾಯಬೇಕಾಗುತ್ತದೆ. ಸೆಕ್ಯುರಿಟಿಯವರು ಕನ್ನಡದವರಲ್ಲದೆಯೂ ಇರಬಹುದು, ಬಿಹಾರ, ಒಡಿಶಾ, ಅಸ್ಸಾಂ ಕಡೆಯವರು ಜಾಸ್ತಿ. ನಮಸ್ಕಾರ, ಒಂದು ನಗು ಎಲ್ಲರಿಗೂ ತಿಳಿಯುತ್ತದೆ.

ಬ್ಯಾಗ್ ಎಡ ಹೆಗಲಿಗೆ, ಫೈಲ್ ಎಡಗೈಯಲ್ಲಿ ಇರಲಿ. ಬಲಗೈ ಖಾಲಿ ಇದ್ದರೆ ಯಾರಾದರೂ ಕೈ ಚಾಚಿದಾಗ ಸರ್ಕಸ್ ಮಾಡಬೇಕಿಲ್ಲ. ಮೆಟ್ರೋದಲ್ಲಿ ನುಗ್ಗಾಡಿ ಬಂದಿದ್ದರೆ ಒಳಗೆ ಹೋಗುವ ಮುಂಚೆ ಕೈ ತೊಳೆದು ಒರೆಸಿಕೊಳ್ಳಿ.

3. ಸರ್ರೋ ಹೆಸರೋ, ಕೈಯೋ ನಮಸ್ಕಾರವೋ

ಐಟಿ ಕಂಪನಿಗಳಲ್ಲಿ ಸಾಮಾನ್ಯವಾಗಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಕಾರ್ಖಾನೆ, ಆಸ್ಪತ್ರೆ, ಸಹಕಾರಿ ಬ್ಯಾಂಕ್‌ಗಳಲ್ಲಿ ಇವತ್ತಿಗೂ ಸರ್, ಮೇಡಂ. ನಿಮ್ಮ ಆಫೀಸು ಯಾವ ಥರದ್ದು ಅಂತ ತಿಳಿಯುವ ಸುಲಭ ದಾರಿ ಒಂದಿದೆ: ತಂಡದಲ್ಲಿ ನಿಮಗಿಂತ ಸ್ವಲ್ಪ ಮೊದಲು ಸೇರಿದ ಕಿರಿಯರು ಮ್ಯಾನೇಜರನ್ನು ಹೇಗೆ ಕರೆಯುತ್ತಾರೆ ಅಂತ ಕೇಳಿಸಿಕೊಳ್ಳಿ. ಅಲ್ಲಿಯವರೆಗೆ ಸರ್, ಮೇಡಂ ಇರಲಿ. "ಹೆಸರು ಹಿಡಿದೇ ಕರೀರಿ" ಅಂತ ಅವರೇ ಹೇಳಿದರೆ ಆವತ್ತಿನಿಂದಲೇ ಕರೆಯಿರಿ. ಮತ್ತೆ ಮತ್ತೆ ಸರ್ ಅಂದರೆ ಅವರಿಗೂ ಮುಜುಗರ. ಕನ್ನಡದಲ್ಲಿ ಮಾತಾಡುವಾಗ ಹೆಸರು ಹಿಡಿದರೂ "ನೀವು" ಬಿಡಬೇಡಿ. ಮಗಾ, ಗುರು, ಮಚ್ಚಾ ಎಲ್ಲ ತಾನಾಗಿ ಬರುತ್ತವೆ, ಆದರೆ ಮೊದಲ ದಿನ ಅಲ್ಲ.

ಕೈ ಕುಲುಕುವ ವಿಷಯದಲ್ಲಿ ಹಿರಿಯರೋ ಮಹಿಳೆಯರೋ ಮೊದಲು ಕೈ ಚಾಚಲಿ. ಚಾಚದಿದ್ದರೆ ನಮಸ್ಕಾರ ಹೇಳಿ ತಲೆಯಾಡಿಸಿದರೆ ಸಾಕು. ನೀವು ಕೂತಿರುವಾಗ ಯಾರಾದರೂ ಪರಿಚಯ ಮಾಡಿಕೊಳ್ಳಲು ಬಂದರೆ ಎದ್ದು ನಿಲ್ಲಿ. ಕಾಲಿಗೆ ಬೀಳುವುದು ಬೇಡ, ಎದುರಿನವರು ಎಷ್ಟೇ ಹಿರಿಯರಾಗಿರಲಿ. ಇಯರ್‌ಫೋನ್ ಹಾಕಿಕೊಂಡು ಕೆಲಸ ಮಾಡುತ್ತಿರುವವರ ಭುಜ ತಟ್ಟಬೇಡಿ, ಕಣ್ಣು ಸಿಕ್ಕಿದರೆ ಕೈ ಎತ್ತಿ, ಮುಂದೆ ಹೋಗಿ.

4. ತಂಡದ ಮುಂದೆ ಅರ್ಧ ನಿಮಿಷ

ಬಹಳ ಜನ ಎಡವುವುದು ಇಲ್ಲೇ. ಕಾಲೇಜಿನ ಪ್ಲೇಸ್‌ಮೆಂಟ್ ತರಬೇತಿಯಲ್ಲಿ ಒಂದು ಪಾಠ ಬಾಯಿಪಾಠ ಮಾಡಿಸಿರುತ್ತಾರೆ: "ಮೈಸೆಲ್ಫ್ ಮಂಜುನಾಥ್", ಆಮೇಲೆ ಅಪ್ಪ ಕೃಷಿಕರು, ಅಮ್ಮ ಗೃಹಿಣಿ, ಎಸ್ಸೆಸ್ಸೆಲ್ಸಿಯಲ್ಲಿ ಇಷ್ಟು ಪರ್ಸೆಂಟ್, ಹವ್ಯಾಸ ಕ್ರಿಕೆಟ್, ನನ್ನ ಶಕ್ತಿ, ನನ್ನ ದೌರ್ಬಲ್ಯ. ಅದು ನಿಮ್ಮನ್ನು ಆರಿಸಬೇಕಾದವರಿಗೆ ಹೇಳುವ ಮಾತು. ತಂಡದವರು ನಿಮ್ಮನ್ನು ಈಗಾಗಲೇ ಆರಿಸಿ ಆಗಿದೆ. ಅವರಿಗೆ ಬೇಕಾಗಿರುವುದು ನಾಲ್ಕೇ ವಿಷಯ. ಏನಂತ ಕರೆಯಬೇಕು, ಇಲ್ಲಿ ಯಾವ ಕೆಲಸ, ಇಷ್ಟು ದಿನ ಏನು ಮಾಡುತ್ತಿದ್ದಿರಿ, ಯಾವುದು ಗೊತ್ತು ಯಾವುದು ಹೊಸದು.

ಮಂಜು ಹೀಗೆ ಹೇಳಬಹುದು:

"ಎಲ್ಲರಿಗೂ ನಮಸ್ಕಾರ. ನಾನು ಮಂಜುನಾಥ, ಮಂಜು ಅಂತ ಕರೀರಿ. ವೆಂಡರ್ ಪೇಮೆಂಟ್ಸ್ ನೋಡಿಕೊಳ್ಳೋಕೆ ಸೇರಿದ್ದೀನಿ. ಎರಡು ವರ್ಷ ತುಮಕೂರಿನಲ್ಲಿ ಆಡಿಟರ್ ಹತ್ತಿರ ಇದ್ದೆ, ಜಿಎಸ್‌ಟಿ ರಿಟರ್ನ್ಸ್ ಫೈಲ್ ಮಾಡ್ತಿದ್ದೆ. ಟ್ಯಾಲಿ ಚೆನ್ನಾಗಿ ಗೊತ್ತು, ಎಸ್‌ಎಪಿ ಹೊಸದು, ಮೊದಲ ವಾರ ಜಾಸ್ತಿ ಪ್ರಶ್ನೆ ಕೇಳ್ತೀನಿ."

ಅಷ್ಟೇ. ಆಮೇಲೆ ಏನಾಗುತ್ತದೆ ನೋಡಿ. ತುಮಕೂರಿನವರು ಒಬ್ಬರು ಊಟದ ಹೊತ್ತಿಗೆ ತಾವೇ ಬಂದು ಮಾತಾಡಿಸುತ್ತಾರೆ. ಎಸ್‌ಎಪಿ ಗೊತ್ತಿರುವವರು "ನನ್ನ ಪಕ್ಕ ಕೂತ್ಕೊಳ್ಳಿ" ಅನ್ನುತ್ತಾರೆ. ಹವ್ಯಾಸ ಕ್ರಿಕೆಟ್ ಅಂದಿದ್ದರೆ ಎರಡೂ ಆಗುತ್ತಿರಲಿಲ್ಲ.

ತಂಡದಲ್ಲಿ ತೆಲುಗು, ಮಲಯಾಳಂ, ಹಿಂದಿಯವರೂ ಇದ್ದರೆ ಮೀಟಿಂಗ್ ಯಾವ ಭಾಷೆಯಲ್ಲಿ ನಡೆಯುತ್ತಿದೆಯೋ ಅದರಲ್ಲೇ ಹೇಳಿ. ಇಂಗ್ಲಿಷ್ ಆದರೂ ಇದೇ ನಾಲ್ಕು ಮಾತು, "ಮೈಸೆಲ್ಫ್" ಬದಲು "ಐ ಆಮ್". "ನಮಸ್ಕಾರ" ಅಂತ ಶುರು ಮಾಡಿದರೆ ಯಾರೂ ಬೇಡ ಅನ್ನುವುದಿಲ್ಲ. ಮನೆಯಲ್ಲಿ ಎರಡು ಸಲ ಜೋರಾಗಿ ಹೇಳಿ ನೋಡಿ, ಒಂದು ನಿಮಿಷ ದಾಟಿದರೆ ಕತ್ತರಿಸಿ.

ಹೊತ್ತೂ ನೋಡಿಕೊಳ್ಳಬೇಕು. ಜಿಎಸ್‌ಟಿಆರ್-3ಬಿ ಸಲ್ಲಿಸಲು ಪ್ರತಿ ತಿಂಗಳು ರಿಟರ್ನ್ ಹಾಕುವ ಕಂಪನಿಗಳಿಗೆ ಸಾಮಾನ್ಯವಾಗಿ 20ನೇ ತಾರೀಕು ಗಡುವು. ಮಂಜು ಸೇರಿದ್ದು 19ಕ್ಕಾದರೆ ಅಕೌಂಟ್ಸ್‌ನವರು ತಲೆ ಎತ್ತುವುದಿಲ್ಲ. ಅದು ಅಸಡ್ಡೆ ಅಲ್ಲ. ಹೆಸರು ಹೇಳಿ, "ನಿಮ್ಮ ಕೆಲಸ ಮುಗಿದ ಮೇಲೆ ಮಾತಾಡ್ತೀನಿ" ಅಂತ ಸರಿದುಬಿಡಬೇಕು.

5. ನಂತರದ ಹೊತ್ತು

ಹೆಸರುಗಳು ಒಟ್ಟಿಗೆ ತಲೆಗೆ ಹೋಗುವುದಿಲ್ಲ. ನೋಟ್‌ಬುಕ್‌ನಲ್ಲಿ ಕೂರುವ ಜಾಗದ ಒಂದು ನಕ್ಷೆ ಗೀಚಿ, ಯಾರು ಎಲ್ಲಿ ಅಂತ ಬರೆದುಕೊಳ್ಳಿ. ಮರೆತರೆ "ಹೆಸರು ಇನ್ನೊಂದ್ಸಲ ಹೇಳ್ತೀರಾ?" ಅಂತ ಆವತ್ತೇ ಕೇಳಿ, ಮೂರು ತಿಂಗಳಾದ ಮೇಲೆ ಕೇಳಿದರೆ ಚೆನ್ನಾಗಿರಲ್ಲ ಅಲ್ವಾ?

ಬೆಳಿಗ್ಗೆ ಮಾತಾಡಿಸಿದವರೇ ಮಧ್ಯಾಹ್ನ ಸಿಕ್ಕರೆ ಮತ್ತೆ ಗುಡ್ ಮಾರ್ನಿಂಗ್ ಬೇಡ, "ಊಟ ಆಯ್ತಾ?" ಸಾಕು. ಕ್ಯಾಂಟೀನಿನಲ್ಲಿ ಊಟ ಮಾಡುತ್ತಿರುವವರಿಗೆ ಕೈ ಚಾಚಬೇಡಿ. "ನೇಟಿವ್ ಯಾವುದು?" ಅಂತ ಕೇಳಿಯೇ ಕೇಳುತ್ತಾರೆ. ಸಣ್ಣ ಊರಾದರೆ ಹತ್ತಿರದ ದೊಡ್ಡ ಊರು ಸೇರಿಸಿ ಹೇಳಿ. ಅದರ ಹಿಂದೆಯೇ ಯಾವ ಜನ ಅನ್ನುವ ಪ್ರಶ್ನೆ ಬಂದರೆ ನಕ್ಕು, "ನೀವು ಇಲ್ಲಿ ಎಷ್ಟು ವರ್ಷದಿಂದ ಇದ್ದೀರಾ?" ಅಂತ ಮಾತು ತಿರುಗಿಸಿ. ನೀವಂತೂ ಅದನ್ನೂ ಸಂಬಳವನ್ನೂ ಮದುವೆಯನ್ನೂ ಕೇಳಲೇಬೇಡಿ.

ಮನೆಯಿಂದ ಕೆಲಸ ಮಾಡುವವರು ಆವತ್ತು ಸಿಗುವುದಿಲ್ಲ. ಅವರಿಗೆ ಚಾಟ್‌ನಲ್ಲಿ ಬರೀ "ಹಾಯ್" ಕಳಿಸಿ ಉತ್ತರಕ್ಕೆ ಕಾಯಬೇಡಿ. ಹೆಸರು, ತಂಡ, ಕೆಲಸ, "ಆಫೀಸಿಗೆ ಬಂದಾಗ ಸಿಗೋಣ" ಎಲ್ಲ ಒಂದೇ ಮೆಸೇಜಿನಲ್ಲಿ ಇರಲಿ. ಸಂಜೆ ಹೊರಡುವ ಮುಂಚೆ ಮ್ಯಾನೇಜರಿಗೆ "ಬರ್ತೀನಿ, ನಾಳೆ ಎಷ್ಟು ಹೊತ್ತಿಗೆ ಬರಲಿ?" ಅಂತ ಕೇಳಿಕೊಳ್ಳಿ. ತಾತ್ಕಾಲಿಕ ಪಾಸ್ ಗೇಟಿನಲ್ಲಿ ವಾಪಸ್ ಕೊಡುವುದನ್ನು ಮರೆಯಬೇಡಿ.