ಪ್ರತಿ ಪ್ಲಾನ್‌ನಲ್ಲೂ ಏರಿಕೆ, ಒಟ್ಟಿನಲ್ಲಿ ಇಳಿಕೆ: ನನ್ನ ಅನುಭವ

ಏಪ್ರಿಲ್ ವರದಿಯಲ್ಲಿ ಒಟ್ಟು ಕನ್ವರ್ಷನ್, ಅಂದರೆ ಶುರುವಾದ ಆರ್ಡರ್‌ಗಳಲ್ಲಿ ಹಣ ಕಟ್ಟಿ ಮುಗಿದವುಗಳ ದರ, ಮಾರ್ಚ್‌ನ 44%ರಿಂದ 33%ಕ್ಕೆ ಇಳಿದಿತ್ತು. ಆದರೆ ತಿಂಗಳ ಪ್ಲಾನ್ 20ರಿಂದ 25ಕ್ಕೆ, ವರ್ಷದ ಪ್ಲಾನ್ 60ರಿಂದ 65ಕ್ಕೆ ಏರಿತ್ತು. (ಅಂಕಿಗಳನ್ನು ಇಲ್ಲಿ ದುಂಡಾಗಿಸಿದ್ದೇನೆ.)

ಟ್ರ್ಯಾಕಿಂಗ್ ಕೋಡ್ ನೋಡಿದೆ, ಎರಡೆರಡು ಸಲ ಬಂದ ಸಾಲುಗಳನ್ನು ಹುಡುಕಿದೆ. ಎಲ್ಲ ಸರಿಯಿತ್ತು. ಎರಡೂ ದರಗಳ ಸರಾಸರಿ ತೆಗೆದರೆ 40ರಿಂದ 45 ಅಂತ ಬಂತು. ಅದು ಸುಮ್ನೆ ದಾರಿ ತಪ್ಪಿಸಿತು, ಆರ್ಡರ್‌ಗಳ ಸಂಖ್ಯೆ ಅದರಲ್ಲಿ ಬರುವುದೇ ಇಲ್ಲ.

ಉತ್ತರ ಸಿಕ್ಕಿದ್ದು ದರದ ಪಕ್ಕದಲ್ಲಿ ಶುರುವಾದ ಆರ್ಡರ್‌ಗಳನ್ನು ಬರೆದಾಗ. ಮಾರ್ಚ್‌ನಲ್ಲಿ ತಿಂಗಳದ್ದು 400, ವರ್ಷದ್ದು 600. ಏಪ್ರಿಲ್‌ನಲ್ಲಿ 800 ಮತ್ತು 200. ಕಡಿಮೆ ದರದ ಪ್ಲಾನ್‌ನ ಪಾಲು ದುಪ್ಪಟ್ಟಾಗಿತ್ತು.

ಈಗ ಸ್ಪ್ರೆಡ್‌ಶೀಟ್‌ನಲ್ಲಿ ಹೀಗೆ ಮಾಡುತ್ತೇನೆ: B ಕಾಲಂನಲ್ಲಿ ಮಾರ್ಚ್ ಆರ್ಡರ್‌ಗಳು, E ಕಾಲಂನಲ್ಲಿ ಏಪ್ರಿಲ್ ದರ.

```
=SUMPRODUCT(B2:B3,E2:E3)/SUM(B2:B3)
```

ಉತ್ತರ 49%. ಅಂದರೆ ಪಾಲು ಬದಲಾಗದಿದ್ದರೆ ಒಟ್ಟು ದರ 44ರಿಂದ 49ಕ್ಕೆ ಏರುತ್ತಿತ್ತು. ದರದಿಂದ 5 ಅಂಶ ಏರಿಕೆ, ಪಾಲು ಬದಲಾಗಿದ್ದರಿಂದ 16 ಅಂಶ ಇಳಿಕೆ. ಎರಡೂ ಸೇರಿದರೆ 11 ಅಂಶದ ಇಳಿಕೆ, ಲೆಕ್ಕ ಕೂಡುತ್ತದೆ.

ಹಾಗಂತ ಇಳಿಕೆ ಸುಳ್ಳಲ್ಲ. ಹಣ ಕಟ್ಟಿದವರು 440ರಿಂದ 330 ಆದರು. ಹಾಗಾಗಿ ಚೆಕ್‌ಔಟ್ ಪುಟ ಬಿಟ್ಟು, ವರ್ಷದ ಪ್ಲಾನ್‌ಗೆ ಆರ್ಡರ್‌ಗಳು ಯಾಕೆ ಕಡಿಮೆಯಾದವು ಅಂತ ಹುಡುಕಬೇಕು. ಮಾರ್ಚ್‌ನಲ್ಲಿ ಇಲ್ಲದ ಹೊಸ ಪ್ಲಾನ್ ಇದ್ದರೆ ಈ ಸೂತ್ರದಲ್ಲಿ ಅದರ ತೂಕ ಸೊನ್ನೆ, ಅದನ್ನು ಬೇರೆಯಾಗಿಯೇ ನೋಡಿ.