ಹೋಳಿಗೆ ವ್ಯಾಪಾರಕ್ಕೆ ಹನ್ನೆರಡು ಕಾರ್ಡುಗಳು

2025ರ ಸಂಕ್ರಾಂತಿ ಮುಗಿದ ವಾರ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಮನೆಗೆ ಬಂದಳು. ಮೈಸೂರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದವಳು ಆ ಕೆಲಸ ಬಿಟ್ಟು ಹೋಳಿಗೆ, ಚಟ್ನಿಪುಡಿ ಮಾಡಿ ಮಾರಬೇಕೆಂದುಕೊಂಡಿದ್ದಳು. "ಅಕ್ಕ, ಈ ವರ್ಷ ಹೇಗಿದೆ ಅಂತ ನೋಡಿ ಹೇಳಿ" ಎಂದಳು. ನಾನು ಹಾಕಿ ಓದುವುದು ಟ್ಯಾರೋ ಎಂಬ ಚಿತ್ರದ ಕಾರ್ಡುಗಳನ್ನು. ವರ್ಷ ಹೇಗಿದೆ ಎಂದು ಟ್ಯಾರೋ ಹೇಳುವುದಿಲ್ಲ, ಪ್ರತಿ ತಿಂಗಳೂ ನೀನು ಏನನ್ನು ವಿಚಾರಿಸಿಕೊಳ್ಳಬೇಕು ಎಂಬುದನ್ನು ಮಾತ್ರ ಎದುರಿಗಿಡುತ್ತದೆ ಎಂದು ಮೊದಲೇ ತಿಳಿಸಿ ಕೂರಿಸಿದೆ. ಸಾಲ ತೆಗೆಯಬೇಕೇ, ಎಷ್ಟು ತೆಗೆಯಬೇಕು ಎಂಬುದನ್ನು ನಾನು ಕಾರ್ಡಿನಲ್ಲಿ ನೋಡುವುದಿಲ್ಲ. ಅದಕ್ಕೆ ಲೆಕ್ಕ ಬಲ್ಲವರಿದ್ದಾರೆ.

ನಾನು ಬಳಸುವುದು 1909ರಲ್ಲಿ ಮೊದಲು ಪ್ರಕಟವಾದ, ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ ಕಟ್ಟನ್ನು. ಅದರಲ್ಲಿ ಎರಡು, ಮೂರು ಎಂದು ಅಂಕಿಯಿರುವ ಬಹುತೇಕ ಸಣ್ಣ ಕಾರ್ಡುಗಳಲ್ಲೂ ಮನುಷ್ಯರಿದ್ದಾರೆ, ಅವರು ಏನೋ ಮಾಡುತ್ತಿದ್ದಾರೆ. ಟ್ಯಾರೋ ಗೊತ್ತಿಲ್ಲದವರೂ ಚಿತ್ರ ನೋಡಿ ಮಾತನಾಡಬಲ್ಲರು. ವ್ಯಾಪಾರದ ಪ್ರಶ್ನೆಗೆ ಇದು ತುಂಬ ಮುಖ್ಯ, ಏಕೆಂದರೆ ಕಸುಬಿನ ಒಳಗುಟ್ಟು ಗೊತ್ತಿರುವುದು ಅವರಿಗೆ, ನನಗಲ್ಲ.

ಕಾರ್ಡು ಕಲಸುವ ಮೊದಲು ಒಂದು ಹಾಳೆಯಲ್ಲಿ ಗಡಿಯಾರದಂತೆ ವೃತ್ತ ಬರೆಸಿ, ಫೆಬ್ರವರಿಯಿಂದ ಮುಂದಿನ ಜನವರಿಯವರೆಗೆ ಹನ್ನೆರಡು ತಿಂಗಳು ಗುರುತು ಹಾಕಿಸಿದೆ. ಪ್ರತಿ ತಿಂಗಳ ಪಕ್ಕ ಅವಳ ವ್ಯಾಪಾರಕ್ಕೆ ಆಗ ಏನಿದೆ ಎಂದು ಅವಳೇ ಬರೆದಳು. ಮಾರ್ಚ್ ಕೊನೆಗೆ ಯುಗಾದಿ. ಜೂನ್ ಕೊನೆಯಿಂದ ಜುಲೈ ಮೂರನೇ ವಾರ ದಾಟುವವರೆಗೆ ಆಷಾಢ, ಮದುವೆಗಳಿಲ್ಲ. ಆಗಸ್ಟ್‌ನಲ್ಲಿ ವರಮಹಾಲಕ್ಷ್ಮಿ, ಗೌರಿ ಗಣೇಶ. ಅಕ್ಟೋಬರ್‌ನಲ್ಲಿ ದಸರಾ, ದೀಪಾವಳಿ. ಈ ಬರಹ ಕಾರ್ಡು ತಿರುಗಿಸುವ ಮೊದಲೇ ಆಗಿರಬೇಕು. ಆಮೇಲೆ ಬರೆದರೆ ಕಂಡ ಚಿತ್ರಕ್ಕೆ ತಕ್ಕಂತೆ ತಿಂಗಳು ಬಾಗಿಬಿಡುತ್ತದೆ.

ಫೆಬ್ರವರಿಯಿಂದ ತಿಂಗಳಿಗೊಂದರಂತೆ ಬಂದ ಕಾರ್ಡುಗಳು ಹೀಗಿದ್ದವು: ಪೇಜ್ ಆಫ್ ಪೆಂಟಕಲ್ಸ್, ತ್ರೀ ಆಫ್ ಪೆಂಟಕಲ್ಸ್, ಸಿಕ್ಸ್ ಆಫ್ ವಾಂಡ್ಸ್, ಟೂ ಆಫ್ ಪೆಂಟಕಲ್ಸ್, ಫೋರ್ ಆಫ್ ಕಪ್ಸ್, ಹ್ಯಾಂಗ್ಡ್ ಮ್ಯಾನ್, ಟೆನ್ ಆಫ್ ವಾಂಡ್ಸ್, ಕ್ವೀನ್ ಆಫ್ ಕಪ್ಸ್, ಟವರ್, ಸೆವೆನ್ ಆಫ್ ಪೆಂಟಕಲ್ಸ್, ಫೋರ್ ಆಫ್ ಸ್ವೋರ್ಡ್ಸ್, ನೈಟ್ ಆಫ್ ಪೆಂಟಕಲ್ಸ್. ಇಷ್ಟು ಕಾರ್ಡು ಹಾಕುವಾಗ ನಾನು ತಲೆಕೆಳಗಾದವಕ್ಕೆ ಬೇರೆ ಅರ್ಥ ಹೇಳುವುದಿಲ್ಲ. ಎಲ್ಲವನ್ನೂ ನೇರವಾಗಿಯೇ ಇಡುತ್ತೇನೆ.

ಒಂದೊಂದನ್ನೇ ಓದುವ ಮೊದಲು ಗುಂಪು ಎಣಿಸುತ್ತೇನೆ. ಎಪ್ಪತ್ತೆಂಟರ ಕಟ್ಟಿನಲ್ಲಿ ವಾಂಡ್ಸ್, ಕಪ್ಸ್, ಸ್ವೋರ್ಡ್ಸ್, ಪೆಂಟಕಲ್ಸ್ ಎಂಬ ನಾಲ್ಕು ಗುಂಪುಗಳಿದ್ದು, ಒಂದೊಂದಕ್ಕೂ ಹದಿನಾಲ್ಕು ಕಾರ್ಡುಗಳಿರುವುದರಿಂದ ಹನ್ನೆರಡರಲ್ಲಿ ಸುಮಾರು ಎರಡು ಬರುವುದು ಸಹಜ. ಯಾವ ಗುಂಪಿಗೂ ಸೇರದ ಇಪ್ಪತ್ತೆರಡು ದೊಡ್ಡ ಕಾರ್ಡುಗಳಲ್ಲಿ ಮೂರೋ ನಾಲ್ಕೋ ಬರುತ್ತವೆ. ಈ ಲೆಕ್ಕ ತಿಳಿಯದೆ ಮೂರು ದೊಡ್ಡ ಕಾರ್ಡು ಕಂಡೊಡನೆ "ವಿಧಿಯ ವರ್ಷ" ಎಂದು ಹೆದರಿಸುವವರಿದ್ದಾರೆ. ನಮ್ಮಲ್ಲಿ ದೊಡ್ಡವು ಹ್ಯಾಂಗ್ಡ್ ಮ್ಯಾನ್, ಟವರ್ ಎರಡೇ. ನಾಣ್ಯದ ಗುಂಪಾದ ಪೆಂಟಕಲ್ಸ್ ಮಾತ್ರ ಐದು. ಆದ್ದರಿಂದ ಮಾತೆಲ್ಲ ಕೈಕೆಲಸ ಮತ್ತು ಹಣದ ಸುತ್ತಲೇ ಇರಲಿ ಎಂದುಕೊಂಡೆ.

ಫೆಬ್ರವರಿಯ ಕಾರ್ಡಿನಲ್ಲಿ ಹುಡುಗನೊಬ್ಬ ನಾಣ್ಯವನ್ನು ಎತ್ತಿ ಹಿಡಿದು ದಿಟ್ಟಿಸುತ್ತಾನೆ. ಕಲಿಯುವ ತಿಂಗಳು. ಆಹಾರ ಮಾರಾಟದ ನೋಂದಣಿ, ಒಂದು ಹೋಳಿಗೆಗೆ ನಿಜವಾಗಿ ತಗಲುವ ಖರ್ಚು ಎಂದು ಬರೆದೆವು. ಮಾರ್ಚ್‌ನಲ್ಲಿ ಚರ್ಚಿನ ಕಲ್ಲು ಕೆತ್ತುವವನೂ ನಕ್ಷೆ ಹಿಡಿದ ಇಬ್ಬರೂ ಇದ್ದಾರೆ. "ಯುಗಾದಿಗೆ ನಿನ್ನ ಜೊತೆ ಯಾರು?" ಎಂದೆ. ಹೂರಣ ರುಬ್ಬುವವಳು, ತಟ್ಟುವವಳು, ಬೇಯಿಸುವವಳು ಮೂವರೂ ತಾನೇ ಎಂದು ಅವಳು ಲೆಕ್ಕ ಹಾಕಿದ್ದಳು. ಆ ಹೊತ್ತಿನಲ್ಲೇ ನಾದಿನಿಗೆ ಫೋನ್ ಮಾಡಿದಳು. ಮೇ ತಿಂಗಳಲ್ಲಿ ಎರಡು ನಾಣ್ಯ ಆಡಿಸುವವನನ್ನು ಕಂಡು ಮನೆಯ ದುಡ್ಡಿಗೊಂದು, ವ್ಯಾಪಾರದ ದುಡ್ಡಿಗೊಂದು ಬ್ಯಾಂಕ್ ಖಾತೆ ಎಂದು ಅವಳೇ ಹೇಳಿದಳು. ಜುಲೈಯಲ್ಲಿ ಒಂದು ಕಾಲಿನಿಂದ ತೂಗಿಬಿದ್ದರೂ ಶಾಂತವಾಗಿರುವ ಹ್ಯಾಂಗ್ಡ್ ಮ್ಯಾನ್. ಪಕ್ಕದಲ್ಲಿ ಆಷಾಢ ಎಂದು ಮೊದಲೇ ಬರೆದಿತ್ತು. ಹೋಳಿಗೆ ನಿಂತಾಗ ಕೆಡದೆ ಉಳಿಯುವ ಚಟ್ನಿಪುಡಿ ಮಾಡಿ ಇಡುವುದು ಎಂದು ನಿಶ್ಚಯವಾಯಿತು.

ಅಕ್ಟೋಬರ್‌ಗೆ ಬಂದಾಗ ಅವಳ ಮುಖ ಬಿಳುಪೇರಿತು. ಮಿಂಚು ಹೊಡೆದ ಗೋಪುರ, ಮೇಲಿಂದ ಹಾರಿಹೋಗುವ ಕಿರೀಟ, ತಲೆಕೆಳಗಾಗಿ ಬೀಳುವ ಇಬ್ಬರು. "ಇದನ್ನು ತೆಗೆದು ಬೇರೆ ಹಾಕಿ ಅಕ್ಕ, ದಸರಾ ದೀಪಾವಳಿಯ ತಿಂಗಳು" ಎಂದಳು. ನಾನು ಬದಲಾಯಿಸುವುದಿಲ್ಲ. ಒಂದನ್ನು ಬದಲಾಯಿಸಿದರೆ ಉಳಿದ ಹನ್ನೊಂದೂ ಬೇಕಾದ್ದನ್ನು ಆರಿಸಿಕೊಂಡ ಕಾರ್ಡುಗಳಾಗುತ್ತವೆ, ಅವುಗಳ ಮುಂದೆ ಕೂತು ಮಾತನಾಡುವುದಕ್ಕೆ ಅರ್ಥವಿರುವುದಿಲ್ಲ. ಹಾಗೆಂದು "ಅಕ್ಟೋಬರ್‌ನಲ್ಲಿ ನಷ್ಟ" ಎನ್ನುವುದೂ ದೊಡ್ಡ ತಪ್ಪು. ಅಂಥ ಮಾತು ಕೇಳಿದವರು ಹಬ್ಬದ ತಿಂಗಳಲ್ಲಿ ಸಾಮಾನು ಕಡಿಮೆ ತಂದು, ಭವಿಷ್ಯವನ್ನು ತಾವೇ ನಿಜ ಮಾಡಿಬಿಡುತ್ತಾರೆ.

ಚಿತ್ರದಲ್ಲಿ ಆ ಗೋಪುರ ನಿಂತಿರುವುದು ಕಡಿದಾದ ಒಂದೇ ಬಂಡೆಯ ತುದಿಯಲ್ಲಿ. ಅದನ್ನೇ ತೋರಿಸಿ ಕೇಳಿದೆ: "ನಿನ್ನ ಯೋಜನೆಯಲ್ಲಿ ಯಾವುದೊಂದು ಜಾರಿದರೆ ಎಲ್ಲವೂ ಬೀಳುತ್ತದೆ?" ಬಹಳ ಹೊತ್ತು ಯೋಚಿಸಿದಳು. ಆಮೇಲೆ ಹೊರಬಂತು. ಅಡುಗೆ ಗುತ್ತಿಗೆದಾರರೊಬ್ಬರು ಮದುವೆ ಮನೆಗಳಿಗೆ ಹೋಳಿಗೆ ತೆಗೆದುಕೊಳ್ಳುವುದಾಗಿ ಹೇಳಿದ್ದರು, ಅವಳ ಲೆಕ್ಕದ ಮಾರಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಅವರದೇ. ಮುಂಗಡದ ಮಾತಿಲ್ಲ, ಬರಹದ ಒಪ್ಪಂದವಿಲ್ಲ. ಒಂದು ಗಂಟೆ ಕೂತಿದ್ದರೂ ಆ ಕಾರ್ಡು ಬರುವ ತನಕ ಆ ಮನುಷ್ಯರ ಹೆಸರೇ ಎತ್ತಿರಲಿಲ್ಲ. ಯಾರೇ ಒಬ್ಬರಿಗೆ ಮಾರಾಟದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೊಡುವುದಿಲ್ಲ, ದೊಡ್ಡ ಆರ್ಡರಿಗೆ ಅರ್ಧ ಹಣ ಮುಂಗಡ ಎಂಬ ಎರಡು ನಿಯಮಗಳನ್ನು ಬರೆದಳು. ಅದೂ ಅಕ್ಟೋಬರ್ ಪಕ್ಕದಲ್ಲಲ್ಲ, ಫೆಬ್ರವರಿ ಪಕ್ಕದಲ್ಲಿ ಬರೆಯಿಸಿದೆ.

ನಡೆದದ್ದು ಹೀಗೆ. ಆ ಗುತ್ತಿಗೆದಾರರು ಮೇ ಮದುವೆಗಳ ಬಾಕಿ ಅರ್ಧ ಕೊಡದೆ ಜೂನ್‌ನಲ್ಲಿ ವ್ಯವಹಾರ ನಿಲ್ಲಿಸಿದರು. ಕಾರ್ಡಿನ ತಿಂಗಳು ನಾಲ್ಕು ತಿಂಗಳಷ್ಟು ತಪ್ಪಿತ್ತು. ಅಕ್ಟೋಬರ್‌ನಲ್ಲಿ ಏನೂ ಬೀಳಲಿಲ್ಲ, ಆ ವರ್ಷದ ಅತಿ ಹೆಚ್ಚು ಹೋಳಿಗೆ ಹೋದದ್ದು ಆಗಲೇ. ಮುಂಗಡವಿದ್ದುದರಿಂದ ಬೇಳೆ ಬೆಲ್ಲದ ಹಣ ಮುಳುಗಲಿಲ್ಲ. ಸಿಟ್ಟು ಮಾತ್ರ ಉಳಿಯಿತು.

ನಾನು ಸರಿಯಾಗಿ ಓದದೆ ಹೋದದ್ದು ಏಪ್ರಿಲ್. ಸಿಕ್ಸ್ ಆಫ್ ವಾಂಡ್ಸ್‌ನಲ್ಲಿ ಕುದುರೆಯೇರಿದವನ ತಲೆಗೆ ಎಲೆಗಳ ಕಿರೀಟವಿದೆ, ಸುತ್ತ ಜನರಿದ್ದಾರೆ. ಗೆಲುವು ಎಂದು ಹೇಳಿ ಮುಂದಕ್ಕೆ ಹೋಗಿದ್ದೆ. ಯುಗಾದಿ ಆಗಷ್ಟೇ ಮುಗಿದಿರುತ್ತದೆ, ಈ ಗುಂಪು ಹಬ್ಬದ್ದೋ ನಿತ್ಯದ್ದೋ ಎಂದು ಕೇಳಬೇಕಿತ್ತು. ಅವಳು ಆ ಬೇಡಿಕೆ ನಂಬಿ ಎರಡನೇ ಗ್ರೈಂಡರ್ ಕೊಂಡಳು. ಅದು ಆಗಸ್ಟ್‌ವರೆಗೆ ಮೂಲೆಯಲ್ಲಿ ಕೂತಿತ್ತು. ಅಂದಿನಿಂದ ಒಳ್ಳೆಯ ಕಾರ್ಡಿನ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತೇನೆ, ಅದರ ಹಿಂದಿನ ಮತ್ತು ಮುಂದಿನ ತಿಂಗಳೊಂದಿಗೆ ಸೇರಿಸಿ ಮೂರನ್ನೂ ಒಟ್ಟಿಗೆ ಓದುತ್ತೇನೆ.

ಈ ಜನವರಿಯಲ್ಲಿ ಅವಳು ಅದೇ ಹಾಳೆ ಹಿಡಿದು ಬಂದಳು. ಮಡಿಕೆಗಳಲ್ಲಿ ಎಣ್ಣೆ ಜಿಡ್ಡು. ಹನ್ನೆರಡು ಟಿಪ್ಪಣಿಗಳಲ್ಲಿ ಐದಕ್ಕೆ ಗೆರೆ ಎಳೆದು "ಮಾಡಿದೆ" ಎಂದು ಬರೆದಿದ್ದಳು. ಫೋರ್ ಆಫ್ ಕಪ್ಸ್ ಮತ್ತು ಕ್ವೀನ್ ಆಫ್ ಕಪ್ಸ್ ಪಕ್ಕದಲ್ಲಿ ಏನೂ ಇರಲಿಲ್ಲ, ಅವು ಅವಳಿಗೆ ಏನನ್ನೂ ಹೇಳಲೇ ಇಲ್ಲವಂತೆ. "ಮುಂದಿನ ವರ್ಷದ್ದು ಹಾಕಿ ಅಕ್ಕ" ಎಂದಳು. ಲೆಕ್ಕದ ಪುಸ್ತಕ ತಂದಿದ್ದೀಯಾ ಎಂದು ಕೇಳಿದೆ. ತಂದಿರಲಿಲ್ಲ. ಕಾರ್ಡುಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟು, ಮುಂದಿನ ಭಾನುವಾರ ಪುಸ್ತಕದೊಂದಿಗೆ ಬರಲು ಹೇಳಿ ಕಳುಹಿಸಿದೆ.