ದಿನ ಮುಖ್ಯವೋ, ವಿಷಯ ಮುಖ್ಯವೋ?

ಮಂಡ್ಯದಲ್ಲಿ ಮಣ್ಣು ಪರೀಕ್ಷೆಯ ಕೆಲಸ ಮಾಡುವ ನನಗೆ ಡಿಸೆಂಬರ್ 5 ಹತ್ತಿರವಾದಂತೆ ಕಾರ್ಯಕ್ರಮಕ್ಕೆ ಬಂದು ಮಾತಾಡಿ ಎನ್ನುವ ಕರೆಗಳು ಹೆಚ್ಚುತ್ತವೆ. ಅಂದು ವಿಶ್ವ ಮಣ್ಣು ದಿನ. ಹೋದ ವರ್ಷ ಪಾಂಡವಪುರದ ಕಡೆಯ ಸಹಕಾರ ಸಂಘವೊಂದರ ಕಾರ್ಯದರ್ಶಿ, "ಮೇಡಂ, ನೀವೇ ಬರಬೇಕು, ಇಲ್ಲ ಅನ್ನಬ್ಯಾಡಿ" ಅಂದರು. ಅಂದು ಮೈಸೂರಿನಲ್ಲಿ ತರಬೇತಿ ನಡೆಸಿಕೊಡಲು ನಾನು ಮೊದಲೇ ಒಪ್ಪಿದ್ದೆ.

ಇಂಥ ಹೊತ್ತಿನಲ್ಲಿ "ನೋಡೋಣ", "ಪ್ರಯತ್ನ ಮಾಡ್ತೀನಿ" ಎನ್ನುವ ಮಾತನ್ನು ನಾನು ಆಡುವುದಿಲ್ಲ. ನಮ್ಮ ಕಡೆ ಅದು ಒಪ್ಪಿಗೆ ಎಂದೇ ಲೆಕ್ಕ. ಎರಡು ದಿನ ಬಿಟ್ಟು "ಫ್ಲೆಕ್ಸ್‌ಗೆ ಒಂದು ಫೋಟೊ ಕಳಿಸಿ" ಎಂದು ಕೇಳಿದರೆ, ನಮ್ಮ ನಿರಾಕರಣೆ ಅವರಿಗೆ ತಲುಪಿಲ್ಲ ಎಂದರ್ಥ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆಯೇ ಅದು ತಲುಪಬೇಕು.

ಹಾಗಾಗಿ ಬರಲಾಗದು ಎಂದು ಫೋನಿನಲ್ಲೇ ಹೇಳಿ, ಒಂದು ಪ್ರಶ್ನೆ ಕೇಳಿದೆ: "ಸರ್, ನಿಮಗೆ ಆ ದಿನ ಮುಖ್ಯವೋ, ಮಣ್ಣು ಪರೀಕ್ಷೆಯ ವಿಷಯ ಮುಖ್ಯವೋ?" ದಿನ ಬದಲಿಸಲಾಗದಿದ್ದರೆ ಇನ್ನೊಬ್ಬರ ಹೆಸರು ಕೊಡಬೇಕು. ವಿಷಯವೇ ಮುಖ್ಯವಾದರೆ ಇನ್ನೊಂದು ದಿನ ಕೊಡಬಹುದು. ಕೇಳದೆ ಎರಡನ್ನೂ ಮುಂದಿಟ್ಟರೆ, "ಹಂಗಾದ್ರೆ ನಿಮ್ಮನ್ನೇ ಕಾಯ್ತೀವಿ" ಎಂದು ಮಾತು ಮತ್ತೆ ನಮ್ಮ ಮೇಲೇ ಬಂದು ನಿಲ್ಲುತ್ತದೆ.

ಅಧ್ಯಕ್ಷರು, ಶಾಮಿಯಾನ, ಊಟ ಎಲ್ಲ ನಿಗದಿಯಾಗಿದ್ದರಿಂದ ದಿನ ಬದಲಿಸುವಂತಿಲ್ಲ ಅಂದರು ಕಾರ್ಯದರ್ಶಿ. ನನಗೆ ಹೊಳೆದವರು ನಿವೃತ್ತ ಕೃಷಿ ಅಧಿಕಾರಿಯೊಬ್ಬರು. ಅವರ ನಂಬರ್ ಕೊಡುವ ಮೊದಲು ಅವರಿಗೇ ಫೋನ್ ಮಾಡಿ ಊರು, ಸಮಯ, ಬರುವ ಜನ, ವಾಹನದ ವ್ಯವಸ್ಥೆ ಎಲ್ಲ ತಿಳಿಸಿ ಒಪ್ಪಿಗೆ ಪಡೆದೆ. ಸಂಭಾವನೆಯ ಮಾತು ಅವರವರಿಗೇ ಬಿಟ್ಟದ್ದು. ಆಮೇಲೆ ಕಾರ್ಯದರ್ಶಿಗೆ ವಾಟ್ಸಾಪ್‌ನಲ್ಲಿ ಹೀಗೆ ಬರೆದೆ:

"ನಮಸ್ಕಾರ ಸರ್. ಪ್ರೀತಿಯಿಂದ ಕರೆದಿದ್ದೀರಿ, ಧನ್ಯವಾದ. ಡಿಸೆಂಬರ್ 5ರಂದು ನನಗೆ ಬರಲು ಆಗುವುದಿಲ್ಲ. ದಯವಿಟ್ಟು ಪತ್ರಿಕೆಯಲ್ಲಿ ನನ್ನ ಹೆಸರು ಹಾಕಿಸಬೇಡಿ. ನಾನು ಹೇಳಿದವರು ಕಬ್ಬು, ಭತ್ತದ ಗದ್ದೆಗಳಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದವರು, ರೈತರ ಪ್ರಶ್ನೆಗೆ ನಿಂತು ಉತ್ತರ ಕೊಡುತ್ತಾರೆ. ಬರಲು ಒಪ್ಪಿದ್ದಾರೆ, ನೀವೇ ಒಮ್ಮೆ ಮಾತಾಡಿ."

"ಬದಲಿಗೆ ಕಳಿಸುತ್ತಿದ್ದೇನೆ" ಎಂದು ಬರೆಯಲಿಲ್ಲ. ಆ ಹಿರಿಯರನ್ನು ಸಂಘವೇ ಕರೆಯಬೇಕು, ಅವರ ಹೆಸರೇ ಮೊದಲ ಆಯ್ಕೆಯಂತೆ ಅಚ್ಚಾಗಬೇಕು.

ಅದೇ ತಿಂಗಳು ಇನ್ನೊಂದು ಊರಿನವರಿಗೆ ವಿಷಯವೇ ಬೇಕಿತ್ತು. ಮಣ್ಣಿನ ಮಾದರಿ ತೆಗೆಯುವುದು ಕೊಯ್ಲು ಮುಗಿದು ಗದ್ದೆ ಖಾಲಿಯಿದ್ದಾಗ, ಮುಂದಿನ ಬೆಳೆಗೆ ಗೊಬ್ಬರ ಹಾಕುವ ಮುಂಚೆ. ಡಿಸೆಂಬರ್ ಮೊದಲ ವಾರ ಕೊಯ್ಲಿನ ಗಡಿಬಿಡಿ ಇರುತ್ತದೆ. "ಸಂಕ್ರಾಂತಿ ಕಳೆಯಲಿ, ಗದ್ದೆಯಲ್ಲೇ ಗುಂಡಿ ತೋಡಿ ತೋರಿಸ್ತೀನಿ" ಎಂದು ಜನವರಿಯ ಎರಡು ದಿನಾಂಕ ಕೊಟ್ಟೆ, ಆ ವಾರದೊಳಗೆ ಒಂದನ್ನು ಆರಿಸಲು ಕೇಳಿಕೊಂಡೆ. ಕೊಟ್ಟ ಎರಡೂ ದಿನವನ್ನು ಉತ್ತರ ಬರುವವರೆಗೆ ಡೈರಿಯಲ್ಲಿ ಹಿಡಿದಿಟ್ಟುಕೊಳ್ಳುತ್ತೇನೆ. ಹಾಗೆ ಹಿಡಿದಿಡಲು ಆಗದಿದ್ದರೆ ದಿನಾಂಕದ ಮಾತನ್ನೇ ಎತ್ತುವುದಿಲ್ಲ.